ಕಾಸ್ಟಿಕ್‌ನಲ್ಲಿ ಒಂದು ಗಂಟೆ, ಆಮೇಲೆ ಆಟೋಕ್ಲೇವ್: ಪ್ರಿಯಾನ್ ಶಂಕೆಯ ಸೆಟ್ ನಿಭಾಯಿಸಿದ ಅನುಭವ

ಪ್ರಿಯಾನ್ ಎಂಬ ರೋಗಕಾರಕ ಪ್ರೋಟೀನು ಅಂಟಿರುವ ಶಂಕೆಯಿದ್ದ, ಮೆದುಳಿನ ಶಸ್ತ್ರಚಿಕಿತ್ಸೆಯ ಉಪಕರಣಗಳ ಸೆಟ್ಟನ್ನು ಕಾಸ್ಟಿಕ್ ಸೋಡಾದಲ್ಲಿ ಮುಳುಗಿಸುತ್ತೇವೆ ಎಂದಾಗ ಥಿಯೇಟರಿನವರು ಒಪ್ಪಲಿಲ್ಲ. ಫೋರ್ಸೆಪ್ಸ್ ಎಲ್ಲ ಹಾಳಾಗುತ್ತೆ, 134 ಡಿಗ್ರಿಯಲ್ಲಿ ಒಂದು ಸೈಕಲ್ ಓಡಿಸಿದರೆ ಸಾಕು ಅನ್ನುವುದು ಅವರ ವಾದ. ಈಗ ಹತ್ತಿರ ಹತ್ತಿರ ಹತ್ತು ಸುತ್ತು ಆಗಿದೆ, ಒಳ್ಳೆಯ ಸ್ಟೀಲಿನ ಒಂದು ಉಪಕರಣವೂ ಕೆಟ್ಟಿಲ್ಲ. ಸ್ಟೆರೈಲ್ ಸಪ್ಲೈಯಲ್ಲಿ ಕೆಲಸ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇವೆ. ಆಟೋಕ್ಲೇವ್, ವಾಷರ್, ಸ್ಪೋರ್ ವಯಲ್ ಏನೆಂದು ವಿವರಿಸುವುದಿಲ್ಲ.

ಮೊದಲ ತಪ್ಪು ಸ್ಪೋರ್ ವಯಲನ್ನು ನಂಬಿದ್ದು. ವಯಲ್ ಪಾಸ್ ಆದರೆ ಬ್ಯಾಕ್ಟೀರಿಯಾದ ಬೀಜಾಣು ಸತ್ತಿದೆ ಎಂದಷ್ಟೇ ಅರ್ಥ. ಪ್ರಿಯಾನ್ ವಿಷಯದಲ್ಲಿ ಅದು ಏನನ್ನೂ ಹೇಳುವುದಿಲ್ಲ, ಯಾಕೆಂದರೆ ಅಲ್ಲಿ ಸಾಯುವುದಕ್ಕೆ ಜೀವವೇ ಇಲ್ಲ. ವೈರಸ್ಸಿನಲ್ಲಿ ಡಿಎನ್‌ಎ ಅಥವಾ ಆರ್‌ಎನ್‌ಎ ಇರುತ್ತದೆ. ಅದು ಕೆಟ್ಟರೆ ವೈರಸ್ ಮುಂದೆ ಬೆಳೆಯಲಾರದು. ಟಿಕ್ವಾ ಆಲ್ಪರ್ ಅವರ ತಂಡ 1967ರಲ್ಲಿ ಕುರಿಗಳ ಸ್ಕ್ರೇಪಿ ರೋಗಕಾರಕದ ಮೇಲೆ 254 ನ್ಯಾನೋಮೀಟರಿನ ಅತಿನೇರಳೆ ಬೆಳಕು ಬಿಟ್ಟು ನೋಡಿತು. ಡಿಎನ್‌ಎ, ಆರ್‌ಎನ್‌ಎಗಳನ್ನು ಕೆಡಿಸುವ ಬೆಳಕು ಅದು. ಸ್ಕ್ರೇಪಿಯ ಸೋಂಕುಶಕ್ತಿ ಕುಗ್ಗಲಿಲ್ಲ. 1982ರಲ್ಲಿ ಸ್ಟಾನ್ಲಿ ಪ್ರುಸಿನರ್ ಅದಕ್ಕೆ ಪ್ರಿಯಾನ್ ಎಂದು ಹೆಸರಿಟ್ಟರು. ನಮ್ಮ ನರಕೋಶಗಳ ಮೇಲೆ ಸಹಜವಾಗಿಯೇ ಇರುವ ಪ್ರೋಟೀನು ತಪ್ಪಾಗಿ ಮಡಚಿಕೊಂಡ ರೂಪ ಅದು. ಪಕ್ಕದ ಸರಿಯಾದ ಪ್ರೋಟೀನನ್ನು ಮುಟ್ಟಿ ತನ್ನ ಹಾಗೇ ಮಡಚಿಸುತ್ತದೆ, ಹೆಪ್ಪು ಹಾಲನ್ನು ಮೊಸರು ಮಾಡುವಂತೆ. ಆದರೆ ಹೆಪ್ಪಿನಲ್ಲಿ ಜೀವಾಣು ಇದೆ, ಇಲ್ಲಿ ಬರೀ ಆಕಾರ.

ಕೆಲಸದ ಕಷ್ಟವೆಲ್ಲ ಆ ಆಕಾರದಲ್ಲೇ ಇದೆ. ತಪ್ಪು ಮಡಚಿದ ಪ್ರೋಟೀನು ಹಾಳೆಹಾಳೆಯಾಗಿ ಬಿಗಿಯಾಗಿ ಒಂದರ ಮೇಲೊಂದು ಪೇರಿಸಿಕೊಳ್ಳುತ್ತದೆ. ಒಳಗೆ ನೀರು ನುಗ್ಗುವುದು ಕಷ್ಟ, ಕಿಣ್ವ ನುಗ್ಗುವುದೂ ಕಷ್ಟ. ಲ್ಯಾಬಿನಲ್ಲಿ ಪ್ರೋಟೀನೇಸ್ ಕೆ ಹಾಕಿದರೆ ಸಹಜ ಪ್ರೋಟೀನು ಪೂರ್ತಿ ಕರಗಿ ಹೋಗುತ್ತದೆ, ಪ್ರಿಯಾನಿನ ತಿರುಳು ಮಾತ್ರ 27ರಿಂದ 30 ಕಿಲೋಡಾಲ್ಟನ್ ಪಟ್ಟಿಯಾಗಿ ಉಳಿಯುತ್ತದೆ. ಫಾರ್ಮಲಿನ್, ಗ್ಲುಟರಾಲ್ಡಿಹೈಡ್ ಇನ್ನೂ ಕೆಟ್ಟವು. ಪ್ರೋಟೀನುಗಳನ್ನು ಒಂದಕ್ಕೊಂದು ಹೊಲಿದು ಅದೇ ಆಕಾರದಲ್ಲಿ ಗಟ್ಟಿ ಮಾಡುತ್ತವೆ. ಶಂಕೆಯ ಸೆಟ್ಟಿನ ಹತ್ತಿರ ಅವನ್ನು ತರಲೇಬಾರದು.

ಜ್ಯೂರಿಕ್‌ನಲ್ಲಿ ಆದದ್ದು ಇದೇ. ಪ್ರಿಯಾನಿನಿಂದ ಬರುವ ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ರೋಗವಿದ್ದ ಹೆಂಗಸಿನ ಮೆದುಳಿಗೆ ಇಳಿಸಿದ್ದ ಇಲೆಕ್ಟ್ರೋಡುಗಳನ್ನು ಆಲ್ಕೋಹಾಲ್ ಮತ್ತು ಫಾರ್ಮಾಲ್ಡಿಹೈಡ್ ಆವಿಯಲ್ಲಿ ಶುದ್ಧಿ ಮಾಡಿ ಇಬ್ಬರು ಎಳೆಯ ರೋಗಿಗಳಿಗೆ ಬಳಸಿದರು. ಇಬ್ಬರಿಗೂ ರೋಗ ಬಂತು. ಇದು ಪ್ರಕಟವಾದದ್ದು 1977ರಲ್ಲಿ. ಕೊನೆಯ ಬಳಕೆಯಾಗಿ ಎರಡು ವರ್ಷ ಕಳೆದ ಮೇಲೆ, ಮೂರು ಸಲ ತೊಳೆದು, ಮತ್ತೆ ಮತ್ತೆ ಅದೇ ಶುದ್ಧೀಕರಣ ಮಾಡಿ, ಅವನ್ನೇ ಒಂದು ಚಿಂಪಾಂಜಿಯ ಮೆದುಳಿಗೆ ಇಳಿಸಿದರು. ಹದಿನೆಂಟು ತಿಂಗಳಿಗೆ ಅದಕ್ಕೂ ರೋಗ ಹತ್ತಿತು. ಥಿಯೇಟರಿನವರ ಮನಸ್ಸು ತಿರುಗಿಸಿದ್ದು ಈ ಪ್ರಕರಣವೇ.

ಇನ್ನು ವಿಧಾನ. ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿಯಲ್ಲಿ ಹಲವು ದಾರಿಗಳಿವೆ. ನಾವು ಹಿಡಿದದ್ದು ಇದು: ಸೆಟ್ಟನ್ನು 1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಒಂದು ಗಂಟೆ ಪೂರ್ತಿ ಮುಳುಗಿಸುವುದು, ತೆಗೆದು ನೀರಿನಲ್ಲಿ ಜಾಲಿಸುವುದು, ತೆರೆದ ಟ್ರೇಯಲ್ಲಿ ಗ್ರ್ಯಾವಿಟಿ ಆಟೋಕ್ಲೇವಿಗೆ ಹಾಕಿ 121 ಡಿಗ್ರಿಯಲ್ಲಿ ಒಂದು ಗಂಟೆ ಇಡುವುದು, ಆಮೇಲೆ ಮಾಮೂಲು ತೊಳೆತ, ಪ್ಯಾಕಿಂಗ್, ಸ್ಟೆರಿಲೈಸೇಷನ್. 134 ಡಿಗ್ರಿಯ 18 ನಿಮಿಷದ ಸೈಕಲ್ಲೂ ಪಟ್ಟಿಯಲ್ಲಿದೆ, ಆದರೆ ಒಣಗಿ ಅಂಟಿದ ಅಂಗಾಂಶದ ಮೇಲೆ ಬರೀ ಶಾಖವನ್ನು ನಾವು ನಂಬುವುದಿಲ್ಲ.

ಲೀಟರಿಗೆ 40 ಗ್ರಾಂ ಕಾಸ್ಟಿಕ್. ಹನ್ನೆರಡು ಲೀಟರಿಗೆ 480 ಗ್ರಾಂ. ನೀರಿಗೆ ಗುಳಿಗೆ ಸುರಿಯಬೇಕು, ಗುಳಿಗೆಗೆ ನೀರಲ್ಲ. ಬಿಸಿಯೇರಿ ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಮುಖಕ್ಕೆ ಶೀಲ್ಡ್, ಕೈಗೆ ಉದ್ದನೆಯ ದಪ್ಪ ಗ್ಲೌಸ್. ದ್ರಾವಣ ತೆರೆದಿಟ್ಟರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕಾರ್ಬೊನೇಟಾಗುತ್ತ ಬಲ ಕಳೆದುಕೊಳ್ಳುತ್ತದೆ. ಪಿಎಚ್ ಪಟ್ಟಿಯಿಂದ ಇದು ಗೊತ್ತಾಗದು, ಅರ್ಧಕ್ಕಿಳಿದರೂ ಬಣ್ಣ ಹಾಗೇ ಇರುತ್ತದೆ. ಹತ್ತು ಎಂಎಲ್ ದ್ರಾವಣಕ್ಕೆ ಎರಡು ಹನಿ ಫೀನಾಲ್ಫ್ಥಲೀನ್ ಬಿಟ್ಟು 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ ಇಳಿಸುತ್ತೇವೆ. ಗುಲಾಬಿ ಬಣ್ಣ ಹತ್ತು ಎಂಎಲ್ ಹತ್ತಿರ ಮಾಯವಾಗಬೇಕು. ಒಂಬತ್ತೂವರೆಗೆ ಮೊದಲೇ ಹೋದರೆ ಬಕೆಟ್ ಖಾಲಿ ಮಾಡಿ ಹೊಸದು.

ಸೋತ ಕಡೆಗಳನ್ನೂ ಹೇಳಬೇಕು. ಮೊದಲು ಉಪಕರಣಗಳನ್ನು ಕಾಸ್ಟಿಕ್ ಸಮೇತ ನಿರ್ವಾತ ಎಳೆಯುವ ಆಟೋಕ್ಲೇವಿಗೆ ಹಾಕಿದೆವು. ನಿರ್ವಾತ ಎಳೆದಾಗ ದ್ರಾವಣ ಉಕ್ಕಿ ಚೇಂಬರಿಗೆಲ್ಲ ಚೆಲ್ಲಿತು, ಗ್ಯಾಸ್ಕೆಟ್ ಮತ್ತು ಸರ್ವಿಸ್ ಸೇರಿ ಸುಮಾರು ನಲವತ್ತು ಸಾವಿರ ಕೈಬಿಟ್ಟಿತು. ಇನ್ನೊಮ್ಮೆ ಅಲ್ಯೂಮಿನಿಯಂ ಟ್ರೇಯನ್ನು ಗಮನಿಸದೆ ಮುಳುಗಿಸಿದ್ದಾಯಿತು. ಬುಳುಬುಳು ಹೈಡ್ರೋಜನ್ ಎದ್ದು, ತೆಗೆಯುವಷ್ಟರಲ್ಲಿ ಟ್ರೇ ಬೂದಿಬಣ್ಣಕ್ಕೆ ತಿರುಗಿ ಸವೆದಿತ್ತು. ಈಗ ಅಲ್ಯೂಮಿನಿಯಂ ಹಿಡಿ, ಅನೋಡೈಸ್ ಬಣ್ಣದ ಭಾಗ ಇದ್ದರೆ ಮೊದಲೇ ಬೇರೆ. ಶೇಕಡಾ 5ರ ಹೈಪೊಕ್ಲೋರೈಟ್ ಒಂದು ಲೀಟರಿಗೆ ಒಂದೂವರೆ ಲೀಟರ್ ನೀರು ಸೇರಿಸಿ 20,000 ಪಿಪಿಎಂ ಮಾಡಿಯೂ ನೋಡಿದೆವು. ಕೆಲಸಕ್ಕೆ ಬರುತ್ತದೆ, ಆದರೆ ಸ್ಟೀಲಿನ ಮೇಲೆ ಸೂಜಿಮೊನೆಯಂಥ ಗುಳಿ ಬೀಳುತ್ತದೆ. ಈಗ ಅದನ್ನು ಮೇಜು, ನೆಲಕ್ಕೆ ಮಾತ್ರ ಬಳಸುತ್ತೇವೆ.

ಪಕ್ಕದಲ್ಲೊಂದು ಪ್ರಯೋಗವೂ ನಡೆಯಿತು. ಹಳೇ ಫೋರ್ಸೆಪ್ಸ್‌ಗಳಿಗೆ ಮೊಟ್ಟೆಯ ಬಿಳಿ ಬಳಿದೆವು. ಕೆಲವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆವು, ಕೆಲವನ್ನು ಎರಡು ಗಂಟೆ ಒಣಗಿಸಿದೆವು, ಕೆಲವನ್ನು ತೊಳೆಯದೆ ನೇರ ಆಟೋಕ್ಲೇವಿಗೆ ಹಾಕಿದೆವು. ಆಮೇಲೆ ಎಲ್ಲವನ್ನೂ ಒಂದೇ ರೀತಿ ತೊಳೆದು, ಕೀಲಿನ ಸಂದಿಯನ್ನು ಒರೆಸಿ ನಿನ್‌ಹೈಡ್ರಿನ್ ಹಾಕಿದೆವು. ಒದ್ದೆಯಾಗಿದ್ದವು ಬಹುತೇಕ ಸ್ವಚ್ಛ. ಒಣಗಿದವುಗಳಲ್ಲಿ ತೆಳು ನೇರಳೆ. ನೇರ ಬೇಯಿಸಿದವುಗಳಲ್ಲಿ ಗಾಢ ನೇರಳೆ, ತಳ ಹಿಡಿದ ಹಾಲಿನ ಪಾತ್ರೆಯ ಹಾಗೆ ಬಿಡಲೇ ಇಲ್ಲ. ಇದು ಪ್ರಿಯಾನ್ ಪರೀಕ್ಷೆಯಲ್ಲ, ಬರೀ ಪ್ರೋಟೀನಿನ ಪರೀಕ್ಷೆ. ಆದರೂ ಥಿಯೇಟರಿನಿಂದ ಸೆಟ್ ಒದ್ದೆಯಾಗಿಯೇ ಬರಬೇಕೆಂಬ ನಿಯಮ ಹುಟ್ಟಿದ್ದು ಇದರಿಂದ. ಸ್ಟೀಲ್ ತಂತಿಯನ್ನು ಸೋಂಕಿನ ಮೆದುಳಿಗೆ ಐದು ನಿಮಿಷ ತಾಗಿಸಿದರೂ ಇಲಿಗೆ ರೋಗ ದಾಟಿಸುವಷ್ಟು ಪ್ರಿಯಾನ್ ಅಂಟುತ್ತದೆ ಎಂದು ಚಾರ್ಲ್ಸ್ ವೈಸ್‌ಮನ್ ಅವರ ತಂಡ ತೋರಿಸಿದೆ. ಒಣಗಲು ಬಿಟ್ಟರೆ ಹೇಳುವುದೇ ಬೇಡ. ಕೀಲುಗಳನ್ನು ಅರ್ಧ ತೆರೆದ ಸ್ಥಿತಿಯಲ್ಲೇ ಹಿಡಿದು ಗುಳ್ಳೆ ಕೂರದಂತೆ ಮುಳುಗಿಸಲು ಒಂದು ಜೋಡಣೆ ಮಾಡಿಕೊಂಡಿದ್ದೇವೆ. ಅದರ ವಿವರ ಸದ್ಯಕ್ಕೆ ನಮ್ಮಲ್ಲೇ ಇರಲಿ.

ಕಾಸ್ಟಿಕ್ಕಿಗೆ ಆಗುವ ಖರ್ಚು ಒಂದು ಸುತ್ತಿಗೆ ಇನ್ನೂರು ರೂಪಾಯಿಯೂ ಇಲ್ಲ. ದುಬಾರಿಯಾಗುವುದು ಕಾಯುವುದು. ಕಾರಣ ತಿಳಿಯದೆ ಬೇಗ ಮರೆವು ಏರುತ್ತಿರುವ ರೋಗಿಯ ಮೆದುಳಿನ ಬಯಾಪ್ಸಿ ಆದರೆ, ವರದಿ ಬರುವವರೆಗೆ ಆ ಸೆಟ್ ಕೆಂಪು ಪಟ್ಟಿಯ ಡಬ್ಬಿಯಲ್ಲಿ ಬೀಗದೊಳಗೆ ಇರುತ್ತದೆ. ಅಷ್ಟು ದಿನ ಇನ್ನೊಂದು ಸೆಟ್ ಬೇಕು, ಅದಕ್ಕೆ ಲಕ್ಷಗಳಲ್ಲಿ ದುಡ್ಡು. ರೋಗವಿಲ್ಲ ಎಂದು ವರದಿ ಬಂದರೆ ಮಾಮೂಲು ದಾರಿ. ಶಂಕೆ ಉಳಿದರೆ ಕಾಸ್ಟಿಕ್. ರೋಗ ಖಚಿತವಾದರೆ ಸೆಟ್ ಪೂರ್ತಿ ಸುಡುವುದಕ್ಕೆ ಹೋಗುತ್ತದೆ. ಕಿರಿದಾದ ಕೊಳವೆಯ ಸಕ್ಷನ್, ಡ್ರಿಲ್ಲಿನ ಬಿಟ್, ಬಯಾಪ್ಸಿ ಸೂಜಿಗಳ ವಿಷಯದಲ್ಲಂತೂ ಶಂಕೆಯಷ್ಟೇ ಸಾಕು, ಬಳಸಿದ ದಿನವೇ ಸುಡುವ ಚೀಲಕ್ಕೆ ಹಾಕುತ್ತೇವೆ.