ಪ್ರಮೋಷನ್ ಆದಮ್ಯಾಲೆ ಸಾಹೇಬ್ರಿಗೆ ಬರದ ಥ್ಯಾಂಕ್ಸ್ ಮೇಲ್

ನಾನು ಹುಬ್ಬಳ್ಳಿ ವಿದ್ಯಾನಗರದಾಗ ಒಂದು ಫೈನಾನ್ಸ್ ಕಂಪನಿ ಬ್ರಾಂಚಿನ್ಯಾಗ ಕೆಲ್ಸ ಮಾಡ್ತೀನಿ, ಹೋದ ತಿಂಗಳು ಅಸಿಸ್ಟಂಟ್ ಮ್ಯಾನೇಜರ್ ಅಂತ ಲೆಟರ್ ಬಂತು. ರೀಜನಲ್ ಮ್ಯಾನೇಜರ್ ಸಾಹೇಬ್ರು ಬೆಳಗಾವಿಯಾಗ ಇರ್ತಾರ, ಅವರಿಗೆ ಥ್ಯಾಂಕ್ಸ್ ಮೇಲ್ ಹಾಕೋದಿತ್ತು. ಐದಾರು ಲೈನಿಂದು, ಆದ್ರ ಒಂದ್ ಸಂಜಿ ಪೂರಾ ಅದಕ್ಕ ಹೋತು.

ಮೊದಲ್ನೇದು ಪಕ್ಕಾ ಫಾರ್ಮಲ್ ಬರದೆ, ಆಫೀಸ್ ಇಂಗ್ಲಿಷ್‌ನ್ಯಾಗ, ತಮಗೆ ಸದಾ ಋಣಿ ಅನ್ನೋ ಅರ್ಥದ್ದು. ನಮ್ಮ ಟೀಮಿನ ಗದಗಿನ ಹುಡುಗಿ ಓದಿ, "ಅಕ್ಕಾರ, ಸಾಹೇಬ್ರ ಹೆಸರು ತಗದು ಬ್ಯಾರೆಯವರ ಹೆಸರು ಹಾಕಿದ್ರೂ ಇದು ನಡೀತೈತ್ರಿ" ಅಂದ್ಲು. ಆಕಿ ಹೇಳಿದ್ದು ಖರೇನ ಇತ್ತು. ಎರಡ್ನೇದ್ರಾಗ ಮನಸಿನ್ಯಾಗ ಇದ್ದದ್ದೆಲ್ಲಾ ಹಾಕಿದೆ, ನೀವು ನಂಗ ಅಣ್ಣ ಇದ್ದಂಗ, ನೀವ್ ಇಲ್ಲಂದ್ರ ಈ ಪ್ರಮೋಷನ್ ಆಗ್ತಿದ್ದಿಲ್ಲ ಅಂತ. ಓದಿದ್ರ ಎದಿ ತುಂಬತಿತ್ತು, ಆದ್ರ ಕಳಿಸೋ ಮುಂದ ಕೈ ನಿಂತು, ಯಾಕಂದ್ರ ಪ್ರಮೋಷನ್ ಆಗಿದ್ದು ರೇಟಿಂಗ್ ನೋಡಿ, ಪ್ಯಾನಲ್‌ನ್ಯಾಗ ಮೂರ್ ಮಂದಿ ಕುಂತು, ಈ ಮೇಲ್ ನಾಳೆ ಎಚ್‌ಆರ್‌ಗೆ ಫಾರ್ವರ್ಡ್ ಆದ್ರ ಸಾಹೇಬ್ರು ತಮ್ಮ ಕಡೆಯವಳಿಗೆ ಕೊಡಿಸಿದ್ರು ಅನ್ನೋ ಹಂಗ ಕಾಣತೈತಿ. ನನ್ನ ಕೆಲ್ಸಾನೂ ಸಣ್ಣದಾಗತೈತಿ, ಅವರಿಗೂ ಮುಜುಗರ.

ಆಮೇಲೆ ಒಂದು ತಿಳೀತು ನೋಡ್ರಿ. ಎದುರಿಗೆ ಮಾತಾಡೋವಾಗ "ಸರ್, ಅವತ್ತ ನೀವ್ ಬಂದ್ರಿ, ಧೈರ್ಯ ಬಂತ್ರಿ" ಅಂದ್ರ ಮರ್ಯಾದಿನೂ ಆತು, ಪ್ರೀತಿನೂ ಆತು, ಆ "ರಿ" ಒಳಗ ಎರಡೂ ಐತಿ. ಇಂಗ್ಲಿಷ್‌ನ್ಯಾಗ ಅದು ಇಲ್ಲ, ಅದಕ್ಕ ನಾವು ಮರ್ಯಾದಿಗೆ ದೊಡ್ಡ ದೊಡ್ಡ ಶಬ್ದ ತುಂಬತೀವಿ. ಹಂಗಾಗಿ ನಾ ಮರ್ಯಾದಿನ ಮೇಲ್‌ನ ಎರಡೂ ಅಂಚಿಗೆ ಇಟ್ಟೆ, ಅಂದ್ರ ಸಬ್ಜೆಕ್ಟ್ ಲೈನು ಸಾದಾ, ಶುರುವಿಗೆ ಡಿಯರ್ ಸರ್, ಕಡೀಕ ರಿಗಾರ್ಡ್ಸ್. ಪ್ರೀತಿನ ನಟ್ಟನಡುವೆ ಒಂದ ವಾಕ್ಯಕ್ಕ ಬಿಟ್ಟೆ, ಅದೂ ಗುಣಗಾನ ಅಲ್ಲ, ಆಗಿದ್ದ ಸಂಗತಿ: ಮಾರ್ಚ್ ಆಡಿಟ್‌ನ್ಯಾಗ ಲೆಕ್ಕ ತಾಳೆ ಆಗದಾಗ ನೀವು ಬೆಳಗಾವಿಯಿಂದ ಬಂದು ರಾತ್ರಿ 9ರ ತನಕ ನಮ್ಮ ಜೋಡಿ ವೋಚರ್ ತಗದು ನೋಡಿದ್ರಿ, ಅವತ್ತ ಕಲ್ತಿದ್ದನ್ನ ಈಗ ಪ್ರತಿ ತಿಂಗಳು ಕ್ಲೋಸಿಂಗ್‌ಗೆ ಮಾಡ್ತೀನಿ. "ಪ್ರಮೋಷನ್ ಕೊಟ್ಟಿದ್ದಕ್ಕ" ಅನ್ನೋದನ್ನ ತಗದು "ನನ್ನ ಮ್ಯಾಲೆ ಜವಾಬ್ದಾರಿ ಬಿಟ್ಟಿದ್ದಕ್ಕ" ಅಂತ ಮಾಡಿದೆ. ಅದಾದಮ್ಯಾಲೆ ಹೊಸ ಕೆಲ್ಸದಾಗ ಮೊದಲ ಏನ್ ಮಾಡ್ತೀನಿ ಅಂತ ಒಂದ್ ಲೈನ್.

ಸಿಸಿ ಯಾರನ್ನೂ ಹಾಕಲಿಲ್ಲ. ಸಿಸಿಯಾಗ ಮಂದಿ ಇದ್ರ ಆ ನಡುವಿನ ವಾಕ್ಯ ತೋರಿಕಿಗೆ ಅಂತ ಬರದಂಗ ಆಗ್ತಿತ್ತು. ಅನೌನ್ಸ್‌ಮೆಂಟ್ ಮೇಲಿಗೆ ರಿಪ್ಲೈನೂ ಮಾಡ್ಲಿಲ್ಲ, ಹೊಸಾದ ತಗದೆ. ಎಚ್‌ಆರ್‌ಗೆ ಬ್ಯಾರೆ, ಎರಡ ಲೈನ್, ಪೂರಾ ಫಾರ್ಮಲ್.

ಮರುದಿನ ಸಾಹೇಬ್ರು ಫೋನೇ ಮಾಡಿದ್ರು, "ಆ ವೋಚರ್ ವಿಷಯ ಇನ್ನೂ ನೆನಪೈತೇನ್ರಿ ನಿಮಗ" ಅಂದ್ರು.