ಬ್ರೇಕ್‌ಔಟ್ ನಿಜವೋ ಸುಳ್ಳೋ: ವಾಲ್ಯೂಮ್ ತೂಗಿ ನೋಡುವುದು ಹೀಗೆ

ಬೆಳಿಗ್ಗೆ ಹತ್ತೂಕಾಲಿಗೆ ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಫೋನ್ ಮಾಡಿದರು. ಅವರು ತಿಂಗಳಿಂದ ಕಾಯುತ್ತಿದ್ದ ಶೇರು ಕೊನೆಗೂ 250 ರೂಪಾಯಿ ದಾಟಿತ್ತು. ನಾಲ್ಕು ಸಲ ಅದೇ ಬೆಲೆಗೆ ಬಂದು ವಾಪಸ್ ಹೋಗಿದ್ದ ಶೇರು ಅದು. ಹೀಗೆ ತಡೆದು ನಿಲ್ಲಿಸಿದ್ದ ಬೆಲೆಯನ್ನು ದಾಟುವುದಕ್ಕೇ ಬ್ರೇಕ್‌ಔಟ್ ಅನ್ನುವುದು, ಅವತ್ತು ಎಷ್ಟು ಶೇರು ಕೈ ಬದಲಾಯಿತು ಅನ್ನುವುದೇ ವಾಲ್ಯೂಮ್. ‘ವಾಲ್ಯೂಮ್ ಡಬಲ್ ಇದೆ ಕಣಪ್ಪಾ, ತಗೊಂಡ್ಬಿಟ್ಟೆ’ ಅಂದರು. ‘ಡಬಲ್ ಅಂತ ಹೇಗೆ ಲೆಕ್ಕ ಹಾಕಿದ್ರಿ ಮೇಷ್ಟ್ರೇ?’ ಅಂತ ಕೇಳಿದೆ. ಅವರು ಹೇಳಿದ ಲೆಕ್ಕದಲ್ಲೇ ತಪ್ಪಿತ್ತು. ಸಂಜೆ ಶೇರು 248ಕ್ಕೆ ಮುಗಿಯಿತು. ಹಾಸನದಲ್ಲಿ ನನಗೆ ಗೊತ್ತಿರುವ ಹತ್ತು ಜನರಲ್ಲಿ ಏಳೆಂಟು ಜನ ಇದೇ ಜಾಗದಲ್ಲಿ ಎಡವುತ್ತಾರೆ. ಹಾಗಾಗಿ ಲೆಕ್ಕವನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲನೆಯ ಕೆಲಸ ಸುಲಭ. ಎನ್‌ಎಸ್‌ಇ ವೆಬ್‌ಸೈಟಿನಿಂದ ಶೇರಿನ ಕಳೆದ 21 ದಿನದ ಕ್ಲೋಸಿಂಗ್ ಬೆಲೆ ಮತ್ತು ವಾಲ್ಯೂಮ್ ತೆಗೆದು ಸ್ಪ್ರೆಡ್‌ಶೀಟಿಗೆ ಹಾಕಿ. ಬೆಲೆ B ಕಾಲಮ್ಮಿನಲ್ಲಿ, ವಾಲ್ಯೂಮ್ C ಕಾಲಮ್ಮಿನಲ್ಲಿ, ಅಂಕಿಗಳು ಎರಡನೆಯ ಸಾಲಿನಿಂದ ಶುರುವಾಗಿ ಇವತ್ತಿನದು ಕೊನೆಯ ಸಾಲಿನಲ್ಲಿ, ಅಂದರೆ 22ರಲ್ಲಿ ಇರಲಿ.

ಎರಡನೆಯದು ರಿಲೇಟಿವ್ ವಾಲ್ಯೂಮ್. ಮಾಮೂಲಿ ದಿನಕ್ಕೆ ಹೋಲಿಸಿದರೆ ಇವತ್ತು ಎಷ್ಟು ಪಟ್ಟು ವ್ಯಾಪಾರ ಆಗಿದೆ ಅನ್ನುವುದೇ ಅದರ ಅರ್ಥ.

```
=C22/MEDIAN(C2:C21)
```

ಇವತ್ತಿನ ವಾಲ್ಯೂಮನ್ನು ಭಾಗಿಸುವ ಅಂಕಿಯ ಲೆಕ್ಕಕ್ಕೆ ಸೇರಿಸಬೇಡಿ. ಹಾಗೇ, ಎಲ್ಲರೂ ಹಾಕುವ AVERAGE ಬಿಟ್ಟು MEDIAN, ಅಂದರೆ ಅಂಕಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿ, ಹಾಕಿ. ಕಾರಣ ಇದೆ. ದಿನಕ್ಕೆ 4 ಲಕ್ಷ ಶೇರು ಓಡಾಡುವ ಕಂಪನಿಯಲ್ಲಿ ರಿಸಲ್ಟ್ ಬಂದ ಒಂದೇ ದಿನ 40 ಲಕ್ಷ ಆಗಿತ್ತು ಅಂದುಕೊಳ್ಳಿ. 20 ದಿನದ ಸರಾಸರಿ 5.8 ಲಕ್ಷಕ್ಕೆ ಏರಿ ಕೂರುತ್ತದೆ. ಇವತ್ತು 7 ಲಕ್ಷ ಆದರೂ ಲೆಕ್ಕ 1.2 ಪಟ್ಟು ಅನ್ನುತ್ತದೆ. ಮೀಡಿಯನ್ ಹಾಕಿದರೆ ಅದೇ 1.75. ಒಂದು ದಿನದ ಗದ್ದಲ ತಿಂಗಳಿಡೀ ಲೆಕ್ಕ ಕೆಡಿಸುವುದು ಬೇಡ. ನಾನಂತೂ 2 ಪಟ್ಟಿಗಿಂತ ಕಡಿಮೆ ಇದ್ದರೆ ಬ್ರೇಕ್‌ಔಟ್ ಅಂತ ನಂಬುವುದಿಲ್ಲ. ಇದು ನಿಯಮವಲ್ಲ, ನಾನು ಹಾಕಿಕೊಂಡ ಗೆರೆ.

ಈಗ ಮೇಷ್ಟ್ರು ಎಡವಿದ ಜಾಗಕ್ಕೆ ಬರೋಣ. ಮೇಲಿನ ಸೂತ್ರ ಮಾರುಕಟ್ಟೆ ಮುಚ್ಚಿದ ಮೇಲೆ ಮಾತ್ರ ಸರಿ. ದಿನದ ನಡುವೆ ನೋಡಬೇಕಾದರೆ ಏನು ಮಾಡುವುದು? ಅವರ ಶೇರಿನ ಮಾಮೂಲಿ ವಾಲ್ಯೂಮ್ ದಿನಕ್ಕೆ 4 ಲಕ್ಷ. ಹತ್ತೂಕಾಲರ ಹೊತ್ತಿಗೆ 1.2 ಲಕ್ಷ ಆಗಿತ್ತು. ಇಡೀ ದಿನದ 4 ಲಕ್ಷಕ್ಕೆ ಹೋಲಿಸಿದರೆ 0.3 ಪಟ್ಟು, ಅಂದರೆ ಏನೂ ನಡೆದಿಲ್ಲ ಅನ್ನಿಸುತ್ತದೆ. ಕೆಲವು ಆ್ಯಪ್‌ಗಳು ಇದನ್ನೇ ರಿಲೇಟಿವ್ ವಾಲ್ಯೂಮ್ ಅಂತ ತೋರಿಸುತ್ತವೆ. ಅಂಥವನ್ನು ಬೆಳಗಿನ ಹೊತ್ತು ನೋಡಲೇಬೇಡಿ.

ಮೇಷ್ಟ್ರು ಅದನ್ನು ನಂಬದೆ ತಾವೇ ಲೆಕ್ಕ ಹಾಕಿದರು. ಮಾರುಕಟ್ಟೆ 9.15ರಿಂದ 3.30ರವರೆಗೆ, ಒಟ್ಟು 375 ನಿಮಿಷ. ಅದರಲ್ಲಿ 60 ನಿಮಿಷ ಅಂದರೆ ಶೇ 16. 4 ಲಕ್ಷದಲ್ಲಿ ಶೇ 16 ಅಂದರೆ 64 ಸಾವಿರ. ಆಗಿರುವುದು 1.2 ಲಕ್ಷ. ಹತ್ತಿರತ್ತಿರ ಎರಡು ಪಟ್ಟು! ಗಣಿತ ಸರಿಯಾಗಿಯೇ ಇದೆ. ಆದರೆ ವ್ಯಾಪಾರ ದಿನವಿಡೀ ಒಂದೇ ಸಮ ನಡೆಯುವುದಿಲ್ಲ, ಅಲ್ವಾ? ಬೆಳಿಗ್ಗೆ ಬಾಗಿಲು ತೆರೆದಾಗ ಜಾಸ್ತಿ, ಮಧ್ಯಾಹ್ನ ಮಂಕು, ಮುಚ್ಚುವ ಮುಂಚೆ ಮತ್ತೆ ಜಾಸ್ತಿ. ಬೆಳಗಿನ ಒಂದು ಗಂಟೆಯನ್ನು ಊಟದ ಹೊತ್ತಿನ ಒಂದು ಗಂಟೆಗೆ ಸಮ ಮಾಡಿದರೆ ದಿನಾ ಬೆಳಿಗ್ಗೆ ಎಲ್ಲ ಶೇರಿನಲ್ಲೂ ಭಾರಿ ವಾಲ್ಯೂಮ್ ಕಾಣುತ್ತದೆ.

ಸರಿಯಾದ ದಾರಿ ಒಂದೇ. ಹತ್ತೂಕಾಲನ್ನು ಹತ್ತೂಕಾಲಿಗೇ ಹೋಲಿಸಬೇಕು. 15 ನಿಮಿಷದ ಚಾರ್ಟ್ ತೆರೆಯಿರಿ. ಕಳೆದ 10 ದಿನ, ದಿನದ ಮೊದಲ ನಾಲ್ಕು ಬಾರ್‌ಗಳ ವಾಲ್ಯೂಮ್ ಕೂಡಿಸಿ ಬರೆದುಕೊಳ್ಳಿ. ಆ ಹತ್ತು ಅಂಕಿಗಳ ಮೀಡಿಯನ್ ತೆಗೆಯಿರಿ. ಅವತ್ತು ಸಂಜೆ ಮೇಷ್ಟ್ರ ಮನೆ ಜಗಲಿಯಲ್ಲಿ ಕೂತು ನಾವಿಬ್ಬರೂ ಹಳೇ ಡೈರಿಯ ಹಾಳೆಯ ಮೇಲೆ ಇದನ್ನು ಮಾಡಿದೆವು. ಆ ಶೇರಿನಲ್ಲಿ ಹತ್ತೂಕಾಲರ ಹೊತ್ತಿಗೆ ಮಾಮೂಲಿಯಾಗಿಯೇ 1 ಲಕ್ಷ ಆಗುತ್ತಿತ್ತು. ಹಾಗಾದರೆ ಅವತ್ತಿನದು 1.2 ಪಟ್ಟು ಮಾತ್ರ. ದಿನದ ಕೊನೆಗೆ ಒಟ್ಟು ವಾಲ್ಯೂಮ್ 4.3 ಲಕ್ಷ. ಬೆಲೆ ದಾಟಿದಾಗ ಹೊಸಬರು ಯಾರೂ ಬಂದೇ ಇರಲಿಲ್ಲ. ಮೇಷ್ಟ್ರು ಪೆನ್ನು ಕೆಳಗಿಟ್ಟು ಆ 1 ಲಕ್ಷದ ಸುತ್ತ ಎರಡು ಸಲ ಗೆರೆ ಎಳೆದದ್ದನ್ನೇ ನೋಡುತ್ತಾ ಕೂತರು.

ಈ ಲೆಕ್ಕಕ್ಕೆ ಅರ್ಧ ಗಂಟೆ ಬೇಕು. ಅಷ್ಟು ಪುರುಸೊತ್ತು ಇಲ್ಲದವರು ದಿನದ ನಡುವೆ ಕೊಳ್ಳುವುದನ್ನು ಬಿಟ್ಟು, 3.30ರ ಮೇಲೆ ಪೂರ್ತಿ ದಿನದ ಅಂಕಿ ನೋಡಿ ಮಾರನೆಯ ದಿನ ತೀರ್ಮಾನಿಸಿ.

ಮೂರನೆಯದು ವಾಲ್ಯೂಮ್ ವೆಯ್ಟೆಡ್ ಮೂವಿಂಗ್ ಆವರೇಜ್. ಚಾರ್ಟಿನಲ್ಲಿ VWMA ಅಂತ ಇರುತ್ತದೆ. ದಿನಾ ಹೊಸದಾಗಿ ಶುರುವಾಗುವ VWAP ಬೇರೆ, ಇದು ಬೇರೆ. ಹಾಸನದ ಮಾರುಕಟ್ಟೆಯಲ್ಲಿ ಎರಡು ಮೂಟೆ ಆಲೂಗಡ್ಡೆ ತಲಾ 1,200ಕ್ಕೆ, ಐವತ್ತು ಮೂಟೆ ತಲಾ 900ಕ್ಕೆ ಹೋದವು ಅನ್ನಿ. ಇವತ್ತಿನ ರೇಟು 1,050 ಅಂತ ಯಾವ ರೈತರೂ ಒಪ್ಪುವುದಿಲ್ಲ. 900ರ ಪಕ್ಕದಲ್ಲೇ ಅಂತಾರೆ. VWMA ಮಾಡುವುದೂ ಅದನ್ನೇ. ಬೆಲೆಯನ್ನು ವಾಲ್ಯೂಮಿನಿಂದ ಗುಣಿಸಿ, ಕೂಡಿಸಿ, ಒಟ್ಟು ವಾಲ್ಯೂಮಿನಿಂದ ಭಾಗಿಸುತ್ತದೆ.

```
=SUMPRODUCT(B3:B22,C3:C22)/SUM(C3:C22)
```

ಇದನ್ನು ಒಂಟಿಯಾಗಿ ನೋಡಿದರೆ ಏನೂ ತಿಳಿಯದು. ಅಷ್ಟೇ ದಿನಗಳ ಸಾದಾ ಸರಾಸರಿ, ಅಂದರೆ SMA ಪಕ್ಕದಲ್ಲಿರಬೇಕು. ಕೈಯಲ್ಲಿ ಮಾಡಲು ಐದೇ ದಿನ ತೆಗೆದುಕೊಳ್ಳೋಣ. ಬೆಲೆ 242, 245, 243, 247, 254. ವಾಲ್ಯೂಮ್ ಲಕ್ಷಗಳಲ್ಲಿ 4, 5, 3, 4, 14. ಸಾದಾ ಸರಾಸರಿ 246.20, VWMA 248.87. ಈಗ ಬೆಲೆಗಳನ್ನು ಹಾಗೇ ಬಿಟ್ಟು ಕೊನೆಯ ದಿನದ ವಾಲ್ಯೂಮನ್ನು 3 ಲಕ್ಷ ಮಾಡಿ. VWMA 245.89ಕ್ಕೆ ಇಳಿದು ಸಾದಾ ಸರಾಸರಿಗಿಂತ ಕೆಳಗೆ ಹೋಗುತ್ತದೆ. ಬೆಲೆಯ ಚಾರ್ಟ್ ಎರಡರಲ್ಲೂ ಒಂದೇ. ಮೊದಲನೆಯದರಲ್ಲಿ ಜನ ದುಬಾರಿ ಬೆಲೆಗೇ ಹೆಚ್ಚು ಕೊಂಡಿದ್ದಾರೆ, ಎರಡನೆಯದರಲ್ಲಿ ಇಲ್ಲ.

ಇಲ್ಲೊಂದು ವಿಷಯ ಬಹಳ ಜನರಿಗೆ ಹೊಳೆಯುವುದಿಲ್ಲ. ಮೊದಲ ಉದಾಹರಣೆಯಲ್ಲಿ ರಿಲೇಟಿವ್ ವಾಲ್ಯೂಮ್ ಜೋರಾಗಿದೆ, VWMAಯೂ ಮೇಲಿದೆ. ಎರಡು ಸಾಕ್ಷಿ ಸಿಕ್ಕಿತು ಅಂತ ಖುಷಿಪಡಬೇಡಿ. ಎರಡನ್ನೂ ಮೇಲೆತ್ತಿದ್ದು ಅದೇ 14 ಲಕ್ಷ. ಅಂದರೆ ಸಾಕ್ಷಿ ಒಂದೇ. ಅದಕ್ಕೇ ನಾನು VWMAಯನ್ನು ಬ್ರೇಕ್‌ಔಟಿನ ಹಿಂದಿನ ದಿನದವರೆಗೆ ಮಾತ್ರ ಲೆಕ್ಕ ಹಾಕುತ್ತೇನೆ. ಇದೇ ಉದಾಹರಣೆಯ ಮೊದಲ ನಾಲ್ಕು ದಿನ ನೋಡಿ. ಸಾದಾ ಸರಾಸರಿ 244.25, VWMA 244.38. ಹದಿಮೂರು ಪೈಸೆ ವ್ಯತ್ಯಾಸ, ಇಲ್ಲವೆಂದೇ ಲೆಕ್ಕ. ಮುಂಚಿನಿಂದ ಯಾರೂ ಕೂಡಿಹಾಕುತ್ತಿರಲಿಲ್ಲ, ಎಲ್ಲ ಒಂದೇ ದಿನದಲ್ಲಿ ಆಗಿದೆ.

ಹೀಗಾದಾಗ ಸಂಜೆ ಎನ್‌ಎಸ್‌ಇಯಲ್ಲಿ ಬಲ್ಕ್ ಡೀಲ್ ಪಟ್ಟಿ ನೋಡಿ. ಕಂಪನಿಯ ಶೇ 0.5ಕ್ಕಿಂತ ಜಾಸ್ತಿ ಶೇರನ್ನು ಒಬ್ಬರೇ ಕೊಂಡಿದ್ದರೆ, ಮಾರಿದ್ದರೆ ಅಲ್ಲಿ ಬರುತ್ತದೆ. 14 ಲಕ್ಷದಲ್ಲಿ 9 ಲಕ್ಷ ಒಬ್ಬರಿಂದ ಒಬ್ಬರಿಗೆ ಹೋದದ್ದಾದರೆ ಅದು ಜನರ ಪಾಲ್ಗೊಳ್ಳುವಿಕೆ ಅಲ್ಲ. ಆ 9 ಲಕ್ಷ ಕಳೆದು ಮತ್ತೆ ಲೆಕ್ಕ ಹಾಕಿ. 5 ಲಕ್ಷ ಅಂದರೆ 1.25 ಪಟ್ಟು ಅಷ್ಟೇ. ಜೊತೆಗೆ ಡೆಲಿವರಿ ಶೇಕಡಾವನ್ನೂ, ಅಂದರೆ ಅದೇ ದಿನ ಮಾರಿಬಿಡದೆ ಕೊಂಡವರ ಖಾತೆಗೆ ಹೋದ ಶೇರುಗಳ ಪಾಲನ್ನೂ ನೋಡಿ. ಆ ಶೇರಿನಲ್ಲಿ ಮಾಮೂಲಿ ಶೇ 50 ಇರುವ ಡೆಲಿವರಿ ಅವತ್ತು 20ಕ್ಕೆ ಬಿದ್ದಿದ್ದರೆ, ಬೆಳಿಗ್ಗೆ ಕೊಂಡವರೇ ಸಂಜೆಗೆ ಮಾರಿ ಹೋಗಿದ್ದಾರೆ ಅಂತಲೇ ತಿಳಿಯಿರಿ.

ಇನ್ನು, ಈ ಲೆಕ್ಕ ನಡೆಯದ ಜಾಗಗಳೂ ಇವೆ. ಬೋನಸ್ ಅಥವಾ ಸ್ಪ್ಲಿಟ್ ಆದ ಶೇರಿನಲ್ಲಿ ಹಳೆಯ ಬೆಲೆ, ವಾಲ್ಯೂಮ್ ಎರಡೂ ಸರಿಪಡಿಸಿದ್ದೇ ಅಂತ ನೋಡಿಕೊಳ್ಳಿ. ದೀಪಾವಳಿಯ ಮುಹೂರ್ತ ಟ್ರೇಡಿಂಗ್ ದಿನವನ್ನು ಪಟ್ಟಿಯಿಂದ ತೆಗೆದುಬಿಡಿ. ದಿನಕ್ಕೆ ಕೆಲವೇ ಸಾವಿರ ಶೇರು ಓಡಾಡುವ ಕಂಪನಿಯಲ್ಲಿ ಒಬ್ಬರ ಆರ್ಡರ್ ಸಾಕು, 5 ಪಟ್ಟು ಕಾಣಲು. ಅಪ್ಪರ್ ಸರ್ಕ್ಯೂಟ್ ಬಿದ್ದ ದಿನ, ಅಂದರೆ ಬೆಲೆ ಅವತ್ತಿಗೆ ಏರಬಹುದಾದ ಮಿತಿ ಮುಟ್ಟಿದ ದಿನವಂತೂ ಎಲ್ಲ ಉಲ್ಟಾ. ಕೊಳ್ಳುವವರು ಸಾಲುಗಟ್ಟಿ ನಿಂತಿರುತ್ತಾರೆ, ಮಾರುವವರೇ ಇರುವುದಿಲ್ಲ, ಹಾಗಾಗಿ ವಾಲ್ಯೂಮ್ ಕಡಿಮೆ ಬರುತ್ತದೆ. ಅಂಥ ದಿನದ ಅಂಕಿ ಬಿಟ್ಟು, ಸರ್ಕ್ಯೂಟ್ ಬಿಡಿಸಿಕೊಂಡ ಮೊದಲ ದಿನದ ವಾಲ್ಯೂಮಿನಿಂದ ಲೆಕ್ಕ ಶುರು ಮಾಡಿ.