ವಾಲೆಟ್‌ನಲ್ಲಿ ಮೂರು ಕಾರ್ಡ್, ಮುಂದೆ ನಿಲ್ಲುವುದು ಯಾವುದು?

ನನ್ನ ಮೊಬೈಲ್ ವಾಲೆಟ್‌ನಲ್ಲಿ ಮೂರು ಕಾರ್ಡ್‌ಗಳಿವೆ. ಒಂದು, ನಾನೂ ನನ್ನ ಪತ್ನಿಯೂ ಜಂಟಿಯಾಗಿ ಇಟ್ಟುಕೊಂಡಿರುವ ಖಾತೆಯ ಡೆಬಿಟ್ ಕಾರ್ಡ್. ಮನೆ ಬಾಡಿಗೆ, ಸಾಲದ ಕಂತು, ವಿಮೆ ಎಲ್ಲವೂ ಆ ಖಾತೆಯಿಂದಲೇ ಹೋಗುತ್ತವೆ. ಇನ್ನೊಂದು ನನ್ನ ಸ್ವಂತ ಕ್ರೆಡಿಟ್ ಕಾರ್ಡ್. ಮೂರನೆಯದು ಕೆಲಸದ ಖರ್ಚಿಗೆಂದು ಕಚೇರಿ ಕೊಟ್ಟದ್ದು. ಐಫೋನಿನ ವಾಲೆಟ್‌ನಲ್ಲಿ ಮೊದಲು ಸೇರಿಸಿದ ಕಾರ್ಡೇ ತಾನಾಗಿ ಡೀಫಾಲ್ಟ್ ಆಗುತ್ತದೆ. ಈ ಫೋನು ಕೈಗೆ ಬಂದ ದಿನ ಕಚೇರಿಯ ಕೆಲಸಕ್ಕೆ ಹೊರಡುವುದಿದ್ದರಿಂದ ನಾನು ಮೊದಲು ಸೇರಿಸಿದ್ದು ಕಚೇರಿಯ ಕಾರ್ಡನ್ನು. ಹೀಗಾಗಿ ಯಾರೂ ಆರಿಸದೆಯೇ ಅದು ಎಲ್ಲಕ್ಕಿಂತ ಮುಂದೆ ನಿಂತಿತ್ತು. ಉಳಿದೆರಡನ್ನು ಸೇರಿಸಿದ ಮೇಲೆ, ಯಾವುದು ಮುಂದಿರಬೇಕು ಎಂದು ಕುಳಿತು ಯೋಚಿಸಿದೆ.

ಹೆಚ್ಚು ರಿವಾರ್ಡ್ ಅಂಕ ಕೊಡುವ ಕಾರ್ಡನ್ನು ಮುಂದಿಡಿ ಎಂದು ಹಲವರು ಹೇಳುತ್ತಾರೆ. ನನಗೆ ಅದು ಸರಿಯೆನಿಸಲಿಲ್ಲ. ಅಂಕಗಳ ಲೆಕ್ಕ ಹಾಕುವಷ್ಟು ಪುರುಸೊತ್ತಿದ್ದಾಗ ನಾನು ಹೇಗೂ ಕಾರ್ಡನ್ನು ಕೈಯಾರೆ ಆರಿಸುತ್ತೇನೆ. ಡೀಫಾಲ್ಟ್ ಕಾರ್ಡು ಕೆಲಸಕ್ಕೆ ಬರುವುದು ಹಿಂದೆ ಸಾಲು ನಿಂತಿರುವಾಗ, ಒಂದು ಕೈಯಲ್ಲಿ ಚೀಲವಿರುವಾಗ, ಪರದೆಯನ್ನು ನೋಡದೆಯೇ ಫೋನನ್ನು ಯಂತ್ರಕ್ಕೆ ತಾಗಿಸುವಾಗ. ಆದ್ದರಿಂದ ನಾನು ಕೇಳಿಕೊಂಡ ಪ್ರಶ್ನೆ ಬೇರೆ: ತಪ್ಪು ಖರ್ಚು ಯಾವ ಕಾರ್ಡಿಗೆ ಬಿದ್ದರೆ ಸರಿಪಡಿಸುವುದು ಎಲ್ಲಕ್ಕಿಂತ ಸುಲಭ?

ಮೂರನ್ನೂ ಒಂದೊಂದಾಗಿ ನೋಡಿದೆ. ಕಚೇರಿಯ ಕಾರ್ಡ್ ಮುಂದಿದ್ದು ನನ್ನ ಸ್ವಂತ ಖರೀದಿ ಅದಕ್ಕೆ ಬಿದ್ದಿತು ಎಂದುಕೊಳ್ಳಿ. ಮೊತ್ತ ಚಿಕ್ಕದೇ ಇರಬಹುದು, ಆದರೆ ಅದು ಕಚೇರಿಯ ಲೆಕ್ಕದಲ್ಲಿ ದಾಖಲಾಗುತ್ತದೆ. ನಾನು ವಿವರಣೆ ಬರೆಯಬೇಕು, ಹಣ ಹಿಂದಿರುಗಿಸಬೇಕು, ಲೆಕ್ಕಪತ್ರ ವಿಭಾಗದವರು ಅದನ್ನು ಹೊಂದಿಸಬೇಕು. ನನ್ನ ಅವಸರಕ್ಕೆ ಬೇರೆಯವರ ಸಮಯ ಹೋಗುತ್ತದೆ. ಮೇಲಿಂದ ಮೇಲೆ ಹಾಗಾದರೆ ಪ್ರಶ್ನೆ ಬರಿಯ ಮೊತ್ತದ್ದಾಗಿ ಉಳಿಯುವುದಿಲ್ಲ.

ಜಂಟಿ ಖಾತೆಯ ಡೆಬಿಟ್ ಕಾರ್ಡ್ ಮುಂದಿದ್ದರೆ ತೊಂದರೆ ಇನ್ನೊಂದು ಬಗೆಯದು. ಡೆಬಿಟ್ ಕಾರ್ಡಿನಲ್ಲಿ ಹಣ ಖಾತೆಯಿಂದಲೇ ಹೋಗುತ್ತದೆ. ವಸತಿಗೃಹ, ಬಾಡಿಗೆ ವಾಹನ, ಇಂಧನ ತುಂಬಿಸುವ ಜಾಗಗಳಲ್ಲಿ ನಿಜವಾದ ಬಿಲ್ಲಿಗಿಂತ ಹೆಚ್ಚಿನ ಮೊತ್ತವನ್ನು ಮುಂಗಡವಾಗಿ ತಡೆಹಿಡಿಯುವ ರೂಢಿಯಿದೆ. ಅದು ಬಿಡುಗಡೆಯಾಗಲು ಕೆಲವು ದಿನ ಹಿಡಿಯಬಹುದು. ಆ ದಿನಗಳಲ್ಲೇ ಸಾಲದ ಕಂತಿನ ದಿನಾಂಕ ಬಂದು, ಖಾತೆಯಲ್ಲಿ ಹಣವಿದ್ದೂ ಬಳಕೆಗೆ ಸಿಗದಂತಾದರೆ ಕಂತು ವಾಪಸಾಗುತ್ತದೆ, ದಂಡವೂ ಬೀಳುತ್ತದೆ. ಅದೂ ಇಬ್ಬರ ಖಾತೆ. ಅಲ್ಲಿ ಎಷ್ಟು ಉಳಿದಿದೆ ಎಂಬ ನನ್ನ ಅಂದಾಜು ಪತ್ನಿಯ ಅಂದಾಜಿಗೆ ಎಂದೂ ಹೊಂದಿದ್ದಿಲ್ಲ.

ಸ್ವಂತ ಕ್ರೆಡಿಟ್ ಕಾರ್ಡಿಗೆ ತಪ್ಪು ಖರ್ಚು ಬಿದ್ದರೆ? ಮನೆಯ ಖರ್ಚಾಗಿದ್ದರೆ ಬಿಲ್ಲಿನ ಕೊನೆಯ ದಿನದೊಳಗೆ ಜಂಟಿ ಖಾತೆಯಿಂದ ಅಷ್ಟನ್ನು ತುಂಬಿದರಾಯಿತು. ಕಚೇರಿಯ ಖರ್ಚಾಗಿದ್ದರೆ ರಸೀದಿ ಲಗತ್ತಿಸಿ ಮರುಪಾವತಿ ಕೇಳುತ್ತೇನೆ. ಅದಕ್ಕೆ ಕಚೇರಿಯಲ್ಲಿ ಮೊದಲೇ ದಾರಿಯಿದೆ. ಅಂದು ಯಾವ ಖಾತೆಯೂ ಬರಿದಾಗುವುದಿಲ್ಲ. ಹಾಗಾಗಿ ನನ್ನ ಡೀಫಾಲ್ಟ್ ಕ್ರೆಡಿಟ್ ಕಾರ್ಡ್.

ಪ್ರತಿ ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟುವವರಿಗಷ್ಟೇ ಈ ತೀರ್ಮಾನ ಸರಿ. ಬಾಕಿ ಉಳಿಸಿಕೊಂಡು ಬಡ್ಡಿ ಕಟ್ಟುವವರು ಅದೇ ಪ್ರಶ್ನೆಯನ್ನು ಕೇಳಿಕೊಂಡರೆ ಬೇರೆ ಉತ್ತರ ಸಿಗುತ್ತದೆ. ನನ್ನ ಅಕ್ಕನ ಬಳಿ ಕ್ರೆಡಿಟ್ ಕಾರ್ಡೇ ಇಲ್ಲ. ಆಕೆ ದಿನನಿತ್ಯದ ಖರ್ಚಿಗೆಂದು ಪ್ರತ್ಯೇಕ ಖಾತೆ ತೆರೆದು, ತಿಂಗಳ ಮೊದಲಲ್ಲಿ ಅದಕ್ಕೆ ಒಂದಿಷ್ಟು ವರ್ಗಾಯಿಸಿ, ಅದರ ಡೆಬಿಟ್ ಕಾರ್ಡನ್ನು ಮುಂದಿಟ್ಟಿದ್ದಾಳೆ. "ಎಷ್ಟೇ ಅವಸರವಾದರೂ ಹಾಕಿದ್ದಕ್ಕಿಂತ ಹೆಚ್ಚು ಹೋಗುವುದಿಲ್ಲವಲ್ಲ" ಎನ್ನುತ್ತಾಳೆ. ಅವಳ ಮಟ್ಟಿಗೆ ಅದು ನನ್ನದಕ್ಕಿಂತ ಗಟ್ಟಿ ಏರ್ಪಾಡು.

ಆರಿಸಿದ ಮೇಲೆ ಬದಲಾಯಿಸುವುದು ಸಣ್ಣ ಕೆಲಸ. ಐಫೋನಿನಲ್ಲಿ Settings ತೆರೆದು Wallet & Apple Pay ಒಳಗೆ Default Card ಎಂಬಲ್ಲಿ ಬೇಕಾದ ಕಾರ್ಡನ್ನು ಗುರುತಿಸಿದೆ. ವಾಲೆಟ್ ಆ್ಯಪ್‌ನಲ್ಲಿ ಕಾರ್ಡನ್ನು ಒತ್ತಿ ಹಿಡಿದು ಎಲ್ಲಕ್ಕಿಂತ ಮುಂದಕ್ಕೆ ಎಳೆದು ತಂದರೂ ಅದೇ ಆಗುತ್ತದೆ. ಸರಿಯಾಯಿತೇ ಎಂದು ನೋಡಲು ಖರೀದಿ ಮಾಡಬೇಕಿಲ್ಲ. ಫೋನನ್ನು ಲಾಕ್ ಮಾಡಿ, ಪಕ್ಕದ ಗುಂಡಿಯನ್ನು ಎರಡು ಬಾರಿ ಒತ್ತಿದರೆ ತೆರೆಯ ಮೇಲೆ ಬರುವ ಕಾರ್ಡೇ ಡೀಫಾಲ್ಟ್. ಆ ಹೊತ್ತಿನಲ್ಲಿ ಬೇರೆ ಕಾರ್ಡ್ ಬೇಕಾದರೆ ಅಲ್ಲೇ ಅದನ್ನು ಮುಟ್ಟಿ ಆರಿಸಿ, ನಂತರ ಯಂತ್ರದ ಹತ್ತಿರ ಹಿಡಿಯಬೇಕು. ಅದರಿಂದ ಡೀಫಾಲ್ಟ್ ಬದಲಾಗುವುದಿಲ್ಲ. ಕಚೇರಿಯ ಖರ್ಚಿಗೆ ನಾನು ಮಾಡುವುದು ಇಷ್ಟೇ.

ಇಲ್ಲಿಗೆ ಕೆಲಸ ಮುಗಿಯಿತು ಎಂದುಕೊಳ್ಳುವಂತಿಲ್ಲ, ಏಕೆಂದರೆ ಫೋನಿನ ಡೀಫಾಲ್ಟ್ ಫೋನಿಗೆ ಮಾತ್ರ. ಆಪಲ್ ವಾಚ್‌ಗೆ ಕಾರ್ಡ್‌ಗಳನ್ನು ಬೇರೆಯಾಗಿ ಸೇರಿಸಬೇಕು, ಅದರ ಡೀಫಾಲ್ಟ್ ಕೂಡ ಬೇರೆ. ಅದನ್ನು ಬದಲಾಯಿಸುವುದು ಫೋನಿನಲ್ಲಿರುವ Watch ಆ್ಯಪ್‌ನ Wallet & Apple Pay ಒಳಗೆ. ಕೈಗಡಿಯಾರದ ಪುಟ್ಟ ಪರದೆಯಲ್ಲಿ ಕಾರ್ಡಿನ ಹೆಸರು ಓದುವವರು ಕಡಿಮೆ. ಆದ್ದರಿಂದ ತಪ್ಪಾಗುವ ಸಾಧ್ಯತೆ ಅಲ್ಲೇ ಹೆಚ್ಚು. ಕಚೇರಿಯ ಕಾರ್ಡನ್ನು ನಾನು ವಾಚ್‌ಗೆ ಸೇರಿಸಲೇ ಇಲ್ಲ. ಇಲ್ಲದ ಕಾರ್ಡಿಗೆ ತಪ್ಪು ಖರ್ಚು ಬೀಳುವಂತಿಲ್ಲವಲ್ಲ.

ಮೂರನೆಯ ಜಾಗ ಸಾರಿಗೆ. ಕೆಲವು ನಗರಗಳ ರೈಲು, ಬಸ್ಸುಗಳಲ್ಲಿ ಮುಖ ಅಥವಾ ಬೆರಳಚ್ಚು ತೋರಿಸದೆಯೇ ಫೋನ್ ತಾಗಿಸಿ ದ್ವಾರ ದಾಟಬಹುದು. ಅದಕ್ಕೆ ಯಾವ ಕಾರ್ಡ್ ಬಳಕೆಯಾಗಬೇಕೆಂಬ ಆಯ್ಕೆ ಡೀಫಾಲ್ಟ್ ಕಾರ್ಡಿನ ಆಯ್ಕೆಗಿಂತ ಪ್ರತ್ಯೇಕವಾಗಿರುತ್ತದೆ. ಐಫೋನಿನಲ್ಲಿ ಅದರ ಹೆಸರು Express Transit Card, ಕೆಲವು ದೇಶಗಳಲ್ಲಿ Express Travel Card. ಡೀಫಾಲ್ಟ್ ಬದಲಾಯಿಸಿದ ಮೇಲೂ ಪ್ರಯಾಣದ ಹಣ ಹಳೆಯ ಕಾರ್ಡಿನಿಂದಲೇ ಹೋಗುತ್ತಿದ್ದರೆ ಮೊದಲು ನೋಡಬೇಕಾದ್ದು ಇಲ್ಲಿ.

ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ತಾಗಿಸಬೇಕಾದ ವ್ಯವಸ್ಥೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ವಾಲೆಟ್‌ಗೆ ಸೇರಿಸಿದಾಗ ಕಾರ್ಡಿನ ನಿಜವಾದ ಸಂಖ್ಯೆಯ ಬದಲು ಆ ಸಾಧನಕ್ಕೆಂದೇ ಬೇರೆ ಸಂಖ್ಯೆಯೊಂದು ಸಿಗುತ್ತದೆ. ಒಂದೇ ಕ್ರೆಡಿಟ್ ಕಾರ್ಡ್ ಫೋನಿನಲ್ಲಿ ಒಂದು ಸಂಖ್ಯೆಯಾಗಿ, ವಾಚ್‌ನಲ್ಲಿ ಇನ್ನೊಂದು ಸಂಖ್ಯೆಯಾಗಿ ಇರುತ್ತದೆ. ಒಳಗೆ ಹೋಗುವಾಗ ವಾಚ್ ತಾಗಿಸಿ, ಹೊರಗೆ ಬರುವಾಗ ಫೋನ್ ತಾಗಿಸಿದರೆ ದ್ವಾರದ ಕಣ್ಣಿಗೆ ಅವು ಇಬ್ಬರು ಪ್ರಯಾಣಿಕರು. ಪ್ರಯಾಣ ಅಪೂರ್ಣವೆಂದು ಹೆಚ್ಚಿನ ದರ ಬೀಳಬಹುದು. ನಾನು ಸಾರಿಗೆಗೆ ಫೋನನ್ನು ಮಾತ್ರ ಬಳಸುತ್ತೇನೆ.

ಪತ್ನಿಯದು ಆಂಡ್ರಾಯ್ಡ್ ಫೋನ್. ಅಲ್ಲಿ ಎರಡು ಹಂತಗಳಿವೆ, ಜನ ಗೊಂದಲಗೊಳ್ಳುವುದು ಇಲ್ಲೇ. ಒಂದನೆಯದು, ಫೋನಿನಲ್ಲಿ ಹಲವು ಪಾವತಿ ಆ್ಯಪ್‌ಗಳಿದ್ದರೆ ತಾಗಿಸಿದಾಗ ಅವುಗಳಲ್ಲಿ ಯಾವುದು ಉತ್ತರಿಸಬೇಕು ಎಂಬುದು. ಎರಡನೆಯದು, ಆ ಆ್ಯಪ್‌ನೊಳಗೆ ಯಾವ ಕಾರ್ಡ್ ಎಂಬುದು. ಗೂಗಲ್ ವಾಲೆಟ್‌ನಲ್ಲಿ ಎಷ್ಟು ಜೋಪಾನವಾಗಿ ಕಾರ್ಡ್ ಆರಿಸಿದರೂ, ಫೋನ್ ತಯಾರಕರ ವಾಲೆಟ್ ಡೀಫಾಲ್ಟ್ ಆ್ಯಪ್ ಆಗಿ ಕುಳಿತಿದ್ದರೆ ಆ ಆಯ್ಕೆಗೆ ಬೆಲೆಯಿಲ್ಲ. ಸೆಟ್ಟಿಂಗ್ಸ್‌ನ ಮೆನು ಒಂದೊಂದು ಫೋನಿನಲ್ಲಿ ಒಂದೊಂದು ಕಡೆ ಇರುವುದರಿಂದ, ಅಲ್ಲಿನ ಹುಡುಕು ಪೆಟ್ಟಿಗೆಯಲ್ಲಿ Contactless payments ಎಂದು ಬರೆದು ಹುಡುಕುವುದೇ ಸಲೀಸು. ಅನೇಕ ಫೋನ್‌ಗಳಲ್ಲಿ ಅಲ್ಲಿ ಇನ್ನೊಂದು ಆಯ್ಕೆಯೂ ಕಾಣಿಸುತ್ತದೆ: ಡೀಫಾಲ್ಟ್ ಆ್ಯಪನ್ನು ಯಾವಾಗಲೂ ಬಳಸಬೇಕೇ, ಅಥವಾ ಬೇರೊಂದು ಪಾವತಿ ಆ್ಯಪ್ ತೆರೆದಿದ್ದಾಗ ಅದಕ್ಕೆ ಬಿಟ್ಟುಕೊಡಬೇಕೇ? ಎರಡನೆಯದನ್ನು ಆರಿಸಿದರೆ ಬ್ಯಾಂಕಿನ ಆ್ಯಪ್ ತೆರೆದು ತಾಗಿಸಿದಾಗ ಬ್ಯಾಂಕಿನ ಕಾರ್ಡೇ ಬಳಕೆಯಾಗುತ್ತದೆ. ಪತ್ನಿ ಅದನ್ನೇ ಇಟ್ಟುಕೊಂಡಿದ್ದಾಳೆ. ಮನೆಯ ಖರ್ಚಿಗೆ ಬ್ಯಾಂಕಿನ ಆ್ಯಪ್, ಉಳಿದದ್ದಕ್ಕೆ ವಾಲೆಟ್.

ಡೀಫಾಲ್ಟ್ ಕಾರ್ಡಿನಲ್ಲಿ ಹಣ ಸಾಲದೆ ಪಾವತಿ ತಿರಸ್ಕೃತವಾದರೆ ವಾಲೆಟ್ ತಾನಾಗಿ ಮುಂದಿನ ಕಾರ್ಡನ್ನು ಪ್ರಯತ್ನಿಸುತ್ತದೆ ಎಂದು ನನ್ನ ಸಹೋದ್ಯೋಗಿಯೊಬ್ಬರು ನಂಬಿದ್ದರು. ತಾಗಿಸುವ ಪಾವತಿಯಲ್ಲಿ ಹಾಗಾಗುವುದಿಲ್ಲ. ನಾವೇ ಬೇರೆ ಕಾರ್ಡ್ ಆರಿಸಿ ಮತ್ತೆ ತಾಗಿಸಬೇಕು. ಅವರ ನಂಬಿಕೆಗೆ ಮೂಲವೂ ಇಲ್ಲದಿಲ್ಲ. ಆಪಲ್ ಖಾತೆಯಲ್ಲಿ ಆ್ಯಪ್ ಖರೀದಿ ಮತ್ತು ಚಂದಾಗಳಿಗೆಂದು ಇರುವ Payment & Shipping ಪಟ್ಟಿ ಹಾಗೆ ನಡೆದುಕೊಳ್ಳುತ್ತದೆ: ಮೇಲಿನ ಕಾರ್ಡಿನಿಂದ ಹಣ ಬರದಿದ್ದರೆ ಕೆಳಗಿನದಕ್ಕೆ ಹೋಗುತ್ತದೆ. ಆ ಪಟ್ಟಿಗೂ ತಾಗಿಸುವ ಡೀಫಾಲ್ಟ್ ಕಾರ್ಡಿಗೂ ಸಂಬಂಧವಿಲ್ಲ. ಅಲ್ಲಿ ಕಚೇರಿಯ ಕಾರ್ಡ್ ಕೊನೆಯಲ್ಲಿ ಸುಮ್ಮನೆ ಕುಳಿತಿದ್ದರೂ ಅಪಾಯವೇ. ಅದನ್ನು ಆ ಪಟ್ಟಿಯಿಂದ ತೆಗೆದುಹಾಕಿದೆ. ಬೇರೆ ಜಾಲತಾಣಗಳ ಚಂದಾಗಳೂ ಹೀಗೆಯೇ, ಯಾವ ಕಾರ್ಡಿನ ಮೇಲೆ ಆರಂಭಿಸಿದ್ದೆವೋ ಅದಕ್ಕೇ ಅಂಟಿಕೊಂಡಿರುತ್ತವೆ. ಅವುಗಳನ್ನು ಆಯಾ ತಾಣದಲ್ಲೇ ಬದಲಾಯಿಸಬೇಕು.

ಫೋನ್ ಬದಲಾಯಿಸಿದಾಗ ಕಾರ್ಡ್‌ಗಳನ್ನು ಹೊಸದಾಗಿ ಸೇರಿಸಬೇಕಾಗುತ್ತದೆ, ಮೊದಲು ಸೇರಿಸಿದ್ದೇ ಮತ್ತೆ ಮುಂದೆ ನಿಲ್ಲುತ್ತದೆ. ಈಗ ನಾನು ಮೊದಲು ಸೇರಿಸುವುದು ಕ್ರೆಡಿಟ್ ಕಾರ್ಡನ್ನೇ. ಕಾರ್ಡೊಂದನ್ನು ಯಾವುದೋ ಕಾರಣಕ್ಕೆ ತೆಗೆದು ಮತ್ತೆ ಸೇರಿಸಿದರೂ ಡೀಫಾಲ್ಟ್ ಯಾವುದೆಂದು ಗುಂಡಿ ಒತ್ತಿ ನೋಡಿಕೊಳ್ಳುತ್ತೇನೆ.

ತಿಂಗಳ ಲೆಕ್ಕ ತಾಳೆ ನೋಡುವವರಿಗೆ ಒಂದು ಮಾತು. ರಸೀದಿಯಲ್ಲಿ ಮುದ್ರಿತವಾಗುವ ಕೊನೆಯ ನಾಲ್ಕು ಅಂಕೆಗಳು ಕೈಯಲ್ಲಿರುವ ಕಾರ್ಡಿನ ಅಂಕೆಗಳಿಗೆ ಹೊಂದದಿದ್ದರೆ ಗಾಬರಿ ಬೇಡ. ಅವು ಸಾಧನದ ಸಂಖ್ಯೆಯವು. ವಾಲೆಟ್‌ನಲ್ಲಿ ಆ ಕಾರ್ಡಿನ ವಿವರ ತೆರೆದರೆ ಎರಡೂ ಸಿಗುತ್ತವೆ. ಮೂರೂ ಕಾರ್ಡ್‌ಗಳ ಈ ಅಂಕೆಗಳನ್ನು ಖರ್ಚಿನ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ, ಫೋನಿನದು ಬೇರೆ, ವಾಚ್‌ನದು ಬೇರೆ. ಕೊಂಡ ವಸ್ತುವನ್ನು ಹಿಂದಿರುಗಿಸಲು ಹೋದಾಗಲೂ ಅಂಗಡಿಯವರು ಮೂಲ ಪಾವತಿಯನ್ನು ಹುಡುಕುವುದು ಈ ಸಂಖ್ಯೆಯಿಂದಲೇ. ವಾಚ್‌ನಿಂದ ಕೊಟ್ಟಿದ್ದರೆ ಮರುಪಾವತಿಗೆ ವಾಚನ್ನೇ ಹಿಡಿಯಬೇಕು, ಅದೂ ಆಗ ಬಳಸಿದ ಕಾರ್ಡನ್ನೇ ಆರಿಸಿ.